ಹೆಸರು ಸರಿ ಬರೆದರೆ ಗಿರಾಕಿ ತಾನೇ ಬರ್ತಾನ: ಆಳಂದದಲ್ಲಿ ಹೇಳಿದ ತೊಗರಿ ಬೇಳೆ ಲಿಸ್ಟಿಂಗ್ ಪಾಠ

ಹೋದ ವಾರ ಆಳಂದದಲ್ಲಿ ವ್ಯಾಪಾರಸ್ಥರ ಸಂಘದವರು ನನ್ನನ್ನು ಹದಿನೈದು ನಿಮಿಷ ಮಾತಾಡಲು ಕರೆದಿದ್ದರು. ಅಫಜಲಪುರ ಮತ್ತು ಜೇವರ್ಗಿಯಿಂದಲೂ ಕೆಲವು ಅಂಗಡಿಯವರು ಬಂದಿದ್ದರು. ನಾನು ದೊಡ್ಡ ವ್ಯಾಪಾರಿ ಅಲ್ಲ. ನಮ್ಮ ಹೊಲದ ತೊಗರಿಯನ್ನು ಬೇಳೆ ಮಾಡಿಸಿ, 1 ಕೆಜಿ ಪ್ಯಾಕೆಟ್ ಕಟ್ಟಿ ಆನ್‌ಲೈನ್‌ನಲ್ಲಿ ಮಾರುವವನು. ಮೊದಲ ವರ್ಷ ನಾನೇ ಮಾಡಿದ ತಪ್ಪನ್ನು ಅವರ ಮುಂದೆ ಬಿಚ್ಚಿಟ್ಟೆ. ಅದನ್ನೇ ಇಲ್ಲಿ ನಿಮಗೂ ಬರೆಯುತ್ತಿದ್ದೇನೆ.

ನನ್ನ ಮೊದಲ ಶೀರ್ಷಿಕೆ

ಮೊದಲ ಸಲ ಲಿಸ್ಟಿಂಗ್ ಹಾಕಿದಾಗ ನಾನು ಹೀಗೆ ಬರೆದಿದ್ದೆ:

```
Best Quality Premium Dal 100% Pure Natural Organic Super Fresh
```

ಓದಲು ಜೋರಾಗಿದೆ. ಆದರೆ ಇದರಲ್ಲಿ ತೊಗರಿ ಅನ್ನುವ ಪದವೇ ಇಲ್ಲ. ತೂಕ ಇಲ್ಲ, ಊರು ಇಲ್ಲ. ಜೊತೆಗೆ ಫೋಟೋ ಕೂಡ ನೆಟ್‌ನಿಂದ ಇಳಿಸಿಕೊಂಡಿದ್ದು, ಹಳದಿಯಾಗಿ ಮಿಂಚುವ ಬೇಳೆಯದ್ದು. ಎರಡು ತಿಂಗಳಲ್ಲಿ ಬಂದ ಆರ್ಡರ್ ಬೆರಳೆಣಿಕೆಯಷ್ಟು. ಅದರಲ್ಲೂ ಕೆಲವು ವಾಪಸ್ ಬಂದವು. ಬೆಂಗಳೂರಿನ ಒಬ್ಬ ಅಕ್ಕ ಫೋನ್ ಮಾಡಿ, "ಫೋಟೋದಲ್ಲಿ ಹೊಳೀತಿತ್ತು, ನೀವು ಕಳಿಸಿರೋದು ಮಬ್ಬಾಗಿದೆ, ಹಳೇ ಮಾಲಾ ಇದು?" ಅಂದರು. ಮಾಲು ಹೊಸದೇ ಇತ್ತು. ಪಾಲಿಶ್ ಮಾಡದ ಬೇಳೆ ಮಬ್ಬಾಗಿಯೇ ಇರುತ್ತದೆ, ಮೇಲೆ ಸ್ವಲ್ಪ ಪುಡಿಯೂ ಇರುತ್ತದೆ. ಅದನ್ನು ನಾನು ಎಲ್ಲೂ ಬರೆದಿರಲಿಲ್ಲ. ತಪ್ಪು ಅವರದ್ದಲ್ಲ, ನನ್ನದು.

ವಾಪಸ್ ಬಂದರೆ ಎಷ್ಟು ನಷ್ಟ ಅಂತ ಲೆಕ್ಕ ಹಾಕಿ ನೋಡಿ. ಒಂದು ಪಾರ್ಸೆಲ್‌ನಲ್ಲಿ ನಿಮಗೆ 60 ರೂಪಾಯಿ ಉಳಿಯುತ್ತದೆ, ಕೊರಿಯರ್‌ಗೆ ಹೋಗಲು 70, ವಾಪಸ್ ಬರಲು 70 ಅಂತ ಹಿಡಿಯೋಣ. ಒಂದು ಪಾರ್ಸೆಲ್ ತಿರುಗಿ ಬಂದರೆ ಕೈಯಿಂದ 140 ಹೋಯಿತು. ಅದನ್ನು ತುಂಬಿಸಲು ಇನ್ನೂ ಮೂರು ಪಾರ್ಸೆಲ್ ಸರಿಯಾಗಿ ಮುಟ್ಟಬೇಕು. ಅಂದರೆ ತಪ್ಪು ವಿವರ ಗಿರಾಕಿಯನ್ನು ತರುವುದಿಲ್ಲ, ತಂದರೂ ನಷ್ಟದ ಗಿರಾಕಿಯನ್ನೇ ತರುತ್ತದೆ.

ಗಿರಾಕಿ ಏನು ಟೈಪ್ ಮಾಡ್ತಾನ?

ಸಭೆಯಲ್ಲಿ ಒಬ್ಬ ಹಿರಿಯ ಬೇಳೆ ವ್ಯಾಪಾರಿ ಕೇಳಿದರು: "ತಮ್ಮಾ, ಮಾಲ್ ಛಲೋ ಅದ ಅಂತ ಬರ್ಯೋದು ತಪ್ಪೇನು?"

"ತಪ್ಪಲ್ಲ ಕಾಕಾ. ಆದ್ರ ಬೆಸ್ಟ್ ಕ್ವಾಲಿಟಿ ಅಂತ ಯಾರೂ ಹುಡುಕಂಗಿಲ್ಲ. ತೊಗರಿ ಬ್ಯಾಳಿ ಅಂತ ಹುಡುಕ್ತಾರ," ಅಂದೆ.

ಹುಡುಕುವ ಪದವೂ ಊರಿಂದ ಊರಿಗೆ ಬೇರೆ. ನಾವು ತೊಗರಿ ಅಂತೀವಿ. ಫೋನಿನಲ್ಲಿ ಒಬ್ಬರು `tur dal` ಅಂತ, ಇನ್ನೊಬ್ಬರು `toor dal` ಅಂತ ಹೊಡೆಯುತ್ತಾರೆ. ಉತ್ತರ ಭಾರತದವರು `arhar dal` ಅನ್ನುತ್ತಾರೆ. ಹೈದರಾಬಾದಿನ ತೆಲುಗು ಮನೆಯವರಿಗೆ ಅದು `kandi pappu`. ನಮ್ಮ ಗಂಜ್‌ನಲ್ಲಿ "ಫಟಕಾ" ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಬೆಂಗಳೂರಿನ ಮನೆಯವರಿಗೆ ಆ ಪದವೇ ಗೊತ್ತಿರಲಿಕ್ಕಿಲ್ಲ. ಹಾಗಾಗಿ ಎರಡು ಮುಖ್ಯ ಹೆಸರು ಶೀರ್ಷಿಕೆಯಲ್ಲಿ ಇರಲಿ, ಉಳಿದವು ವಿವರಣೆಯ ಒಳಗೆ ಸಹಜವಾಗಿ ಬರಲಿ. ಎಲ್ಲವನ್ನೂ ಶೀರ್ಷಿಕೆಯಲ್ಲಿ ತುರುಕಿದರೆ ಮೊಬೈಲ್ ಪರದೆಯಲ್ಲಿ ಮೊದಲ ಕೆಲವು ಪದ ಮಾತ್ರ ಕಾಣುತ್ತವೆ, ಬಾಕಿ ಕತ್ತರಿಸಿ ಹೋಗುತ್ತವೆ.

ಊರಿನ ಹೆಸರಿಗೂ ಇದೇ ಮಾತು. ನಮ್ಮ ಜಿಲ್ಲೆಯ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಕಲಬುರಗಿ ಆಗಿದೆ. ಹೊರಗಿನ ಗಿರಾಕಿಗಳು ಇನ್ನೂ ಗುಲ್ಬರ್ಗಾ ಅಂತಲೇ ಹುಡುಕುತ್ತಾರೆ. 2019ರಲ್ಲಿ ನಮ್ಮ ಬೇಳೆಗೆ ಸಿಕ್ಕ ಭೌಗೋಳಿಕ ಸೂಚಕ, ಅಂದರೆ ಜಿಐ ಟ್ಯಾಗ್ ಕೂಡ `Gulbarga Tur Dal` ಅನ್ನುವ ಹೆಸರಿನಲ್ಲೇ ಇದೆ. ಅದಕ್ಕೆ ಎರಡೂ ಹೆಸರು ಬರೆಯಬೇಕು.

ಜಿಐ ಹೆಸರು ಯಾರು ಹಾಕಬಹುದು?

ಇಲ್ಲಿ ಒಂದು ಎಚ್ಚರಿಕೆ ಬೇಕು. ನಮ್ಮ ತಾಲೂಕಿನಲ್ಲಿ ತೊಗರಿ ಬೆಳೆದ ಮಾತ್ರಕ್ಕೆ ಜಿಐ ಲೋಗೋ ಹಾಕುವ ಹಕ್ಕು ತಾನಾಗಿ ಬರುವುದಿಲ್ಲ. 1999ರ ಜಿಐ ಕಾಯ್ದೆಯ ಪ್ರಕಾರ ಬೆಳೆಗಾರ ಅಥವಾ ವ್ಯಾಪಾರಿ ತನ್ನ ಹೆಸರನ್ನು "ಅಧಿಕೃತ ಬಳಕೆದಾರ" ಅಂತ ನೋಂದಣಿ ಮಾಡಿಸಿಕೊಳ್ಳಬೇಕು. ನಾನು ಇನ್ನೂ ಮಾಡಿಸಿಲ್ಲ. ಹಾಗಾಗಿ ಲೋಗೋ ಹಾಕುವುದಿಲ್ಲ, ಜಿಐ ಅಂತ ಬರೆಯುವುದಿಲ್ಲ. ಬೆಳೆದ ಜಾಗ ಎಲ್ಲಿ ಅನ್ನುವುದನ್ನು ಮಾತ್ರ ಇದ್ದ ಹಾಗೆ ಬರೆಯುತ್ತೇನೆ.

ಆಗ ಜೇವರ್ಗಿಯ ಒಬ್ಬರು ನೇರವಾಗಿ ಕೇಳಿದರು: "ನಮ್ಮಲ್ಲಿ ಮಿಕ್ಸ್ ಮಾಲ್ ಇರ್ತದ್ರಿ. ಏನ್ ಬರೀಬೇಕು?"

ಒಳ್ಳೆಯ ಪ್ರಶ್ನೆ. ನಮ್ಮ ದೇಶಕ್ಕೆ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾದಿಂದಲೂ ತೊಗರಿ ಬರುತ್ತದೆ. ಅದನ್ನು ಕಲಬುರಗಿ ಮಿಲ್ಲಿನಲ್ಲಿ ಒಡೆಸಿದ ಮಾತ್ರಕ್ಕೆ ಅದು ಗುಲ್ಬರ್ಗಾ ತೊಗರಿ ಆಗುವುದಿಲ್ಲ. ಅಂಥ ಮಾಲಿಗೆ ಬರೀ `Toor Dal` ಅಂತ ಬರೆಯಿರಿ, ಊರಿನ ಹೆಸರು ಬಿಡಿ, ಯಾವ ದೇಶದ ಮಾಲು ಅಂತ ಕೇಳುವ ಜಾಗದಲ್ಲಿ ನಿಜವನ್ನೇ ತುಂಬಿ. ನಮ್ಮ ಕರಿಮಣ್ಣಿನ ಮಾಲಿಗೆ ಬೇರೆ ಲಿಸ್ಟಿಂಗ್ ಮಾಡಿ. ಎರಡೂ ಒಂದೇ ಹೆಸರಿನಲ್ಲಿ ಹೋದರೆ, ಒಮ್ಮೆ ರುಚಿ ನೋಡಿ ಒಪ್ಪಿದ ಗಿರಾಕಿಗೆ ಎರಡನೇ ಸಲ ಬೇರೆ ಬೇಳೆ ಸಿಗುತ್ತದೆ. ಅವನು ದೂರೂ ಹೇಳುವುದಿಲ್ಲ, ಸುಮ್ಮನೆ ಬರುವುದನ್ನೇ ಬಿಡುತ್ತಾನೆ. ಹೊಲದಲ್ಲಿ ದುಡಿದವನ ಹೆಸರೂ ಅದರ ಜೊತೆಗೇ ಕೆಡುತ್ತದೆ.

ಈಗಿನ ಶೀರ್ಷಿಕೆ

```
Tur Dal (Toor Dal), Unpolished, 1 kg - Grown in Aland, Kalaburagi (Gulbarga)
```

ಕ್ರಮ ಗಮನಿಸಿ. ಮೊದಲು ವಸ್ತು ಏನು, ಆಮೇಲೆ ಅದರ ಬಗೆ, ಆಮೇಲೆ ತೂಕ, ಕೊನೆಗೆ ಜಾಗ. ಹೊಗಳಿಕೆಯ ಪದ ಒಂದೂ ಇಲ್ಲ. ಈ ಹಿಂದೆ ಇದ್ದ `Organic` ಅನ್ನೂ ತೆಗೆದೆ. ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಪ್ರಮಾಣಪತ್ರ ನನ್ನ ಹತ್ತಿರ ಇಲ್ಲ. ಕಾಯಿಕೊರಕಕ್ಕೆ ನಾನು ಔಷಧ ಹೊಡೆದದ್ದೂ ನಿಜ. ಪ್ರಮಾಣಪತ್ರ ಇಲ್ಲದೆ ಸಾವಯವ ಅಂತ ಹಾಕಿದರೆ ಲಿಸ್ಟಿಂಗ್ ತೆಗೆದುಹಾಕಬಹುದು. ಅದಕ್ಕಿಂತ ಮೊದಲು ಗಿರಾಕಿಯೇ ಸರ್ಟಿಫಿಕೇಟ್ ಫೋಟೋ ಕಳಿಸಿ ಅಂತಾನೆ.

ವಿವರಣೆಯಲ್ಲಿ ಒಂದು ಸೂಕ್ಷ್ಮ: ಎಣ್ಣೆಯ ಮಾತು

"ಪಾಲಿಶ್ ಮಾಡದ" ಅಂತ ಬರೆದ ಮೇಲೆ ನಾನು ಇನ್ನೊಂದು ಸಾಲು ಸೇರಿಸಿದ್ದೆ: "ಎಣ್ಣೆ ಮುಟ್ಟಿಸಿಲ್ಲ". ಮಿಲ್ಲಿನವರೇ ನಕ್ಕು ತಿದ್ದಿದರು. ತೊಗರಿಯ ಸಿಪ್ಪೆ ಕಾಳಿಗೆ ಅಂಟಿನಂತೆ ಗಟ್ಟಿಯಾಗಿ ಹಿಡಿದಿರುತ್ತದೆ. ಒಣ ಪದ್ಧತಿಯಲ್ಲಿ ಮೊದಲು ಕಾಳಿನ ಮೇಲೆ ಗೀರು ಬೀಳಿಸಿ, ಸ್ವಲ್ಪ ಎಣ್ಣೆ ಸವರಿ, ಕೆಲವು ದಿನ ಬಿಸಿಲಿಗೆ ಒಣಗಿಸಿ ಆಮೇಲೆ ಸಿಪ್ಪೆ ಬಿಡಿಸುತ್ತಾರೆ. ಆ ಎಣ್ಣೆ ಸಿಪ್ಪೆ ಸಡಿಲಾಗಲು. ಬೇಳೆ ಆದ ಮೇಲೆ ಹೊಳಪಿಗೆ ಅಂತ ಎಣ್ಣೆ ಅಥವಾ ನೀರು ಹಚ್ಚಿ ಉಜ್ಜುವುದೇ ಪಾಲಿಶ್. ಎರಡೂ ಬೇರೆ ಬೇರೆ. ಹಾಗಾಗಿ ನನ್ನ ಸಾಲು ಸುಳ್ಳಾಗಿತ್ತು. ಈಗಿನ ವಿವರಣೆ ಹೀಗಿದೆ:

"ಆಳಂದ ತಾಲೂಕಿನ ನಮ್ಮ ಹೊಲದ ತೊಗರಿ. ಬೇಳೆ ಮಾಡಿದ ಮೇಲೆ ಹೊಳಪಿಗಾಗಿ ಎಣ್ಣೆ ಅಥವಾ ನೀರು ಹಚ್ಚಿ ಪಾಲಿಶ್ ಮಾಡಿಲ್ಲ. ಅದಕ್ಕೆ ಬಣ್ಣ ಸ್ವಲ್ಪ ಮಬ್ಬಾಗಿದೆ, ಮೇಲೆ ಬೇಳೆಯ ಪುಡಿ ಇರುತ್ತದೆ, ಒಮ್ಮೆ ತೊಳೆದರೆ ಹೋಗುತ್ತದೆ. ಅಲ್ಲಲ್ಲಿ ಒಡೆದ ಬೇಳೆ ಇರಬಹುದು. ಅರ್ಧ ಗಂಟೆ ನೆನೆಸಿ ಕುಕ್ಕರ್‌ಗೆ ಇಡಿ. ಫೋಟೋ ಇದೇ ಮಾಲಿನದ್ದು, ಬಿಸಿಲಿನಲ್ಲಿ ತೆಗೆದದ್ದು."

"ಮಬ್ಬು, ಒಡೆದದ್ದು ಅಂತ ನಾವೇ ಬರದ್ರ ಯಾರ್ ತಗೋತಾರಪ್ಪಾ?" ಅಂತ ಕಾಕಾ ಮತ್ತೆ ಕೇಳಿದರು. ಹೊಳಪು ಬೇಕಾದವರು ತಗೊಳ್ಳುವುದಿಲ್ಲ, ನಿಜ. ಅವರೇ ತಗೊಂಡು ವಾಪಸ್ ಕಳಿಸುತ್ತಿದ್ದವರು. ಪಾಲಿಶ್ ಇಲ್ಲದ್ದೇ ಬೇಕು ಅಂತ ಹುಡುಕುವವರಿಗೆ ಈ ಮಬ್ಬು ಬಣ್ಣವೇ ನಂಬಿಕೆ ಹುಟ್ಟಿಸುತ್ತದೆ. ನನಗೆ ತಿರುಗಿ ತಿರುಗಿ ಆರ್ಡರ್ ಕೊಡುವವರು ಇವರೇ.

ಕಾನೂನೂ ಇದನ್ನೇ ಹೇಳುತ್ತದೆ. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ, ಹೇಳಿದ ಗುಣ ಇಲ್ಲದ ಮಾಲನ್ನು ಮಾರಿದವನು ವಾಪಸ್ ತಗೊಳ್ಳಲ್ಲ ಅನ್ನುವಂತಿಲ್ಲ. ಪ್ಯಾಕೆಟ್ ಮಾಲಿಗೆ ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದವರ ಹೆಸರು-ವಿಳಾಸ, ದೂರು ಹೇಳುವ ನಂಬರ್ ಲಿಸ್ಟಿಂಗ್‌ನಲ್ಲೂ ಕಾಣಬೇಕು. ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಕೂಡ ಬೇಕು.

ಅಂಗಡಿ ಇಟ್ಟವರಿಗೆ

ಅಫಜಲಪುರದ ಒಬ್ಬರು ಕಬ್ಬಿನ ಹೊಲಗಳಿಗೆ ಡ್ರಿಪ್ ಸಾಮಾನು ಮಾರುತ್ತಾರೆ. ಪಾರ್ಸೆಲ್ ಕಳಿಸುವ ಕೆಲಸ ಅವರಿಗಿಲ್ಲ, ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಕಂಡರೆ ಸಾಕು. ಅಂಗಡಿ ಹೆಸರಿನ ಮುಂದೆ "ನಂ. 1 ಬೆಸ್ಟ್ ಡ್ರಿಪ್ ಶಾಪ್" ಅಂತ ಸೇರಿಸಿದ್ದರು. ಗೂಗಲ್ ನಿಯಮದಲ್ಲಿ ಇದಕ್ಕೆ ಅವಕಾಶ ಇಲ್ಲ. ಬೋರ್ಡಿನ ಮೇಲೆ ಇರುವ ಹೆಸರೇ ಇರಬೇಕು, ಇಲ್ಲದಿದ್ದರೆ ಪ್ರೊಫೈಲ್ ಬಂದ್ ಆಗಬಹುದು. ಏನೇನು ಸಿಗುತ್ತದೆ ಅನ್ನುವುದನ್ನು ವಿವರಣೆಯಲ್ಲಿ ಬರೆಯಬೇಕು. ಅದಕ್ಕೆ 750 ಅಕ್ಷರದ ಜಾಗ ಇದೆ. ಲ್ಯಾಟರಲ್ ಪೈಪ್ ಯಾವ ಅಳತೆಯದ್ದು, ಫಿಲ್ಟರ್ ರಿಪೇರಿ ಮಾಡ್ತೀರೋ ಇಲ್ಲವೋ, ಸಂತೆ ದಿನ ಎಷ್ಟು ಗಂಟೆಗೆ ತೆಗೀತೀರಿ ಅನ್ನುವುದನ್ನು ಬರೆದರೆ, 20 ಕಿಲೋಮೀಟರ್ ಬೈಕ್ ಓಡಿಸಿ ಬರುವ ರೈತ ಖಾಲಿ ಕೈಯಲ್ಲಿ ತಿರುಗಿ ಹೋಗುವುದಿಲ್ಲ.

ನಿಮ್ಮ ಲಿಸ್ಟಿಂಗ್ ಸರಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಹದಿನೈದು ದಿನ ಒಂದು ನೋಟ್‌ಬುಕ್ ಇಡಿ. ಫೋನ್ ಮಾಡಿದವರು, ಮೆಸೇಜ್ ಹಾಕಿದವರು ಕೇಳಿದ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಒಂದೇ ಪ್ರಶ್ನೆ ಮೂರು ಸಲ ಬಂದರೆ ಅದರ ಉತ್ತರ ನಿಮ್ಮ ವಿವರಣೆಯಲ್ಲಿ ಇಲ್ಲ ಅಂತ ಅರ್ಥ. ನನಗೆ ಬಂದ ಪ್ರಶ್ನೆ, "ಬೇಗ ಬೇಯ್ತದಾ?" ಅದಕ್ಕೇ ನೆನೆಸುವ ಸಾಲು ಸೇರಿತು. ಮಾಲು ವಾಪಸ್ ಬಂದಾಗ ಕಾರಣ ಓದಿ. "ಫೋಟೋದಂತೆ ಇಲ್ಲ" ಅಂತ ಇದ್ದರೆ ಮೊದಲು ಫೋಟೋ ಬದಲಿಸಿ, ಬೆಲೆ ಇಳಿಸಲು ಹೋಗಬೇಡಿ.

ಹೊಸ ತೊಗರಿ ರಾಶಿ ಡಿಸೆಂಬರ್-ಜನವರಿಯಲ್ಲಿ ಬರುತ್ತದೆ. ಆಗ ಹಳೆಯ ಲಿಸ್ಟಿಂಗ್ ಹಾಗೇ ಬಿಡಬೇಡಿ. ಹೊಸ ಮಾಲಿನ ಫೋಟೋ ಹಾಕಿ, ಯಾವ ವರ್ಷದ ಬೆಳೆ ಅಂತ ತಿದ್ದಿ. ಹಳೆಯ ಮಾಲು ಉಳಿದಿದ್ದರೆ ಅದನ್ನು ಹಳೆಯದು ಅಂತಲೇ ಮಾರಿ.