ಹೆಲ್ಮೆಟ್ಟಿನ ಹಿಂದಿನ ಮುದ್ರೆಯನ್ನು ಓದುವುದು ಹೇಗೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಸಾಲಿಗ್ರಾಮದಲ್ಲಿ, ಪಾರಂಪಳ್ಳಿ ಬದಿಗೆ. ಮಗ ದಿನಾ ಸ್ಕೂಟರಿನಲ್ಲಿ ಹೆದ್ದಾರಿ ಹಿಡಿದು ಬ್ರಹ್ಮಾವರಕ್ಕೆ ಕೆಲಸಕ್ಕೆ ಹೋಗುತ್ತಾನೆ. ಮೊನ್ನೆ ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುತ್ತಿದ್ದಲ್ಲಿಂದ 300 ರೂಪಾಯಿಗೆ ಒಂದು ಹೆಲ್ಮೆಟ್ ತಂದ. ಕಿವಿಯಿಂದ ಮೇಲಕ್ಕೇ ನಿಲ್ಲುವಂಥದ್ದು, ಟೋಪಿಯ ಹಾಗೆ. ಕೇಳಿದರೆ, "ಐಎಸ್‌ಐ ಮಾರ್ಕ್ ಉಂಟಮ್ಮ, ಪೊಲೀಸರು ಎಂತ ಹೇಳುವುದಿಲ್ಲ" ಅನ್ನುತ್ತಾನೆ. ಗುರುತು ಇರುವುದೇನೋ ಹೌದು. ಅಷ್ಟು ಸಾಕಾ?
– ಗೃಹಿಣಿ, ಸಾಲಿಗ್ರಾಮ

ಉತ್ತರ: ಸಾಲದು ಅಮ್ಮ. ಐಎಸ್‌ಐ ಎಂಬ ಮೂರಕ್ಷರ ಕಂಡ ಕೂಡಲೇ ನಾವು ಓದುವುದನ್ನು ನಿಲ್ಲಿಸುತ್ತೇವೆ. ಆದರೆ ಆ ಮುದ್ರೆಯಲ್ಲಿ ಓದಬೇಕಾದದ್ದು ಇರುವುದು ಅದರ ಮೇಲೆ ಮತ್ತು ಕೆಳಗೆ. ಮೇಲೆ ಇರುವ ಅಂಕಿ ವಸ್ತು ಯಾವ ಮಾನದಂಡಕ್ಕೆ ಒಳಪಟ್ಟದ್ದು ಎಂದು ತಿಳಿಸುತ್ತದೆ. ಕೆಳಗಿನ ಅಂಕಿ ಅದನ್ನು ತಯಾರಿಸಿದವರ ಪರವಾನಗಿ ಸಂಖ್ಯೆ. ಮಗನ ಹೆಲ್ಮೆಟ್ಟನ್ನು ಬೆಳಕಿಗೆ ಹಿಡಿದು ಮೇಲಿನ ಅಂಕಿ ನೋಡಿ. ದ್ವಿಚಕ್ರ ಸವಾರರ ಹೆಲ್ಮೆಟ್ಟಿನ ಮೇಲೆ ಇರಬೇಕಾದದ್ದು ಐಎಸ್ 4151. ಇದೊಂದು ಸಂಖ್ಯೆ ಬಾಯಿಪಾಠವಾಗಿರಲಿ.

ಐಎಸ್ 2925 ಎಂದಿದ್ದರೆ ಅದೂ ನಿಜವಾದ ಐಎಸ್‌ಐ ಮುದ್ರೆಯೇ ಇರಬಹುದು, ಆದರೆ ಅದು ಕಟ್ಟಡ ಕೆಲಸದವರೂ ಕಾರ್ಖಾನೆಯವರೂ ಹಾಕುವ ಟೊಪ್ಪಿಗೆಯ ಮಾನದಂಡ. ಮೇಲಿನಿಂದ ಬೀಳುವ ಇಟ್ಟಿಗೆ, ಸಲಕರಣೆಯಿಂದ ನೆತ್ತಿ ಕಾಯಲು ಮಾಡಿದ್ದು. ಚಲಿಸುತ್ತಿರುವ ತಲೆ ಡಾಂಬರಿಗೆ ಪಕ್ಕದಿಂದ ಅಪ್ಪಳಿಸಿದರೆ ಅದಕ್ಕೆ ಮಾಡುವಂಥದ್ದೇನೂ ಇಲ್ಲ. ಐಎಸ್ 9973 ಎಂದಿದ್ದರೆ ಅದು ಮುಂದಿನ ಪಾರದರ್ಶಕ ವೈಸರಿನ ಗುರುತು ಮಾತ್ರ. ಒಳ್ಳೆಯ ಹೆಲ್ಮೆಟ್ಟಿನಲ್ಲಿ ಇವೆರಡೂ ಇರುತ್ತವೆ, ಚಿಪ್ಪಿನ ಮೇಲೆ 4151, ವೈಸರಿನ ಮೇಲೆ 9973. ವೈಸರಿನ ಗುರುತನ್ನು ತೋರಿಸಿ ಇಡೀ ಹೆಲ್ಮೆಟ್ಟಿಗೆ ಐಎಸ್‌ಐ ಉಂಟು ಎಂದರೆ ಒಪ್ಪಬೇಡಿ.

ಇನ್ನು ಕೆಳಗಿನ ಸಂಖ್ಯೆ. ಅದು CM/L ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ಅದು ಇಲ್ಲದ ಮುದ್ರೆ ಬರೀ ಚಿತ್ರ. ಇದ್ದರೆ ಮಗನ ಮೊಬೈಲಿನಲ್ಲಿ BIS Care ಎಂಬ ಸರಕಾರಿ ಆ್ಯಪ್ ಹಾಕಿಸಿ, Verify Licence Details ಎಂಬಲ್ಲಿ ಆ ಅಂಕಿಗಳನ್ನು ಒತ್ತಲಿ. ಚಿನ್ನದ ಹಾಲ್‌ಮಾರ್ಕ್ ನೋಡುವುದೂ ಇದೇ ಆ್ಯಪಿನಲ್ಲಿ, ಹಾಗಾಗಿ ಕೆಲವರ ಮನೆಯಲ್ಲಿ ಈಗಾಗಲೇ ಇರುತ್ತದೆ. ಪರವಾನಗಿ ಯಾರ ಹೆಸರಿನಲ್ಲಿದೆ, ಯಾವ ವಸ್ತುವಿಗೆ ಕೊಟ್ಟದ್ದು, ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ಪರದೆಯ ಮೇಲೆ ಬರುತ್ತದೆ. ಸಂಖ್ಯೆ ಸಿಕ್ಕಿತು ಎಂದು ಅಲ್ಲಿಗೇ ಬಿಡಬೇಡಿ. ಯಾರದೋ ಅಸಲಿ ಸಂಖ್ಯೆಯನ್ನು ನಕಲಿ ಸ್ಟಿಕರಿನ ಮೇಲೆ ಅಚ್ಚು ಹಾಕುವುದು ಕಷ್ಟವಲ್ಲ. ಪರದೆಯಲ್ಲಿ ಬಂದ ತಯಾರಕರ ಹೆಸರೂ ಹೆಲ್ಮೆಟ್ಟಿನ ಒಳಗಿನ ಚೀಟಿಯಲ್ಲಿರುವ ಹೆಸರೂ ಒಂದೇ ಆಗಿರಬೇಕು. ಆ ಚೀಟಿಯಲ್ಲಿ ಅಳತೆ ಮತ್ತು ತಯಾರಾದ ತಿಂಗಳು, ವರ್ಷವೂ ಇರಬೇಕು. ತಾಳೆಯಾಗದಿದ್ದರೆ ಅದೇ ಆ್ಯಪಿನಲ್ಲಿ ದೂರು ಕೊಡಬಹುದು. 2020ರ ನವೆಂಬರಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಆದೇಶದಂತೆ 2021ರ ಜೂನ್ 1ರಿಂದ ಐಎಸ್‌ಐ ಮುದ್ರೆ ಇಲ್ಲದ ಸವಾರರ ಹೆಲ್ಮೆಟ್ ಮಾರುವುದೇ ತಪ್ಪು.

ಕೆಲವರು ಡಿಒಟಿ ಎಂಬ ಅಮೆರಿಕದ ಗುರುತನ್ನು ಮೆರೆಸುತ್ತಾರೆ. ಅದು ತಯಾರಕರೇ ತಾವಾಗಿ ಹಾಕಿಕೊಳ್ಳುವ ಘೋಷಣೆ, ಮಾರುಕಟ್ಟೆಗೆ ಬಿಡುವ ಮೊದಲು ಸರಕಾರ ಪರೀಕ್ಷಿಸಿ ಕೊಡುವುದಲ್ಲ. ವೃತ್ತದೊಳಗೆ ಇ ಅಕ್ಷರವೂ ಒಂದು ಅಂಕಿಯೂ ಇರುವ ಯುರೋಪಿನ ಇಸಿಇ ಗುರುತು ಬಿಗಿಯಾದ ಪರೀಕ್ಷೆಯದು. ಯಾವುದಿದ್ದರೂ 4151 ಜೊತೆಗಿರಲೇಬೇಕು.

ಮುದ್ರೆಯಾದ ಮೇಲೆ ಒಳಗೆ ಕೈ ಹಾಕಿ. ಹಿಂಭಾಗದ ಬಟ್ಟೆಯ ಮೆತ್ತೆಯನ್ನು ತುಸು ಸರಿಸಿದರೆ ಒತ್ತಾದ, ಗಟ್ಟಿಯಾದ ಥರ್ಮಾಕೋಲಿನ ಪದರ ಕಾಣಬೇಕು. ಬರೀ ಸ್ಪಂಜು ಸಿಕ್ಕಿದರೆ ಅದು ಹೆಲ್ಮೆಟ್ಟೇ ಅಲ್ಲ. ಏಕೆಂದರೆ ಜೀವ ಉಳಿಸುವುದು ಹೊರಗಿನ ಚಿಪ್ಪಿಗಿಂತ ಹೆಚ್ಚಾಗಿ ಈ ಪದರ. ಸ್ಕೂಟರ್ ನಿಂತಲ್ಲೇ ವಾಲಿ ಬಿದ್ದರೂ ಒಂದೂವರೆ ಮೀಟರ್ ಎತ್ತರದಿಂದ ಬರುವ ತಲೆ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ. ಬರೀ ತಲೆಯಾದರೆ ಒಂದೆರಡು ಮಿಲಿಮೀಟರಿನೊಳಗೆ ನಿಲ್ಲಬೇಕು. ಥರ್ಮಾಕೋಲ್ ಜಜ್ಜಿಕೊಂಡು ಆ ನಿಲುಗಡೆಗೆ ಎರಡು ಸೆಂಟಿಮೀಟರ್ ಜಾಗ ಕೊಟ್ಟರೆ ಮಿದುಳಿನ ಮೇಲಿನ ಹೊಡೆತ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸ್ಪಂಜು ಹೆಬ್ಬೆರಳಿಗೇ ಅಪ್ಪಚ್ಚಿಯಾಗುವಂಥದ್ದು, ಆ ಹೊತ್ತಿಗೆ ಅದು ಇದ್ದೂ ಇಲ್ಲದಂತೆ.

ನನಗೆ ಹೆಚ್ಚು ಕಳವಳವಾದದ್ದು ನೀವು ಬರೆದ ಟೋಪಿ ಆಕಾರ. ಕಣ್ಣಿನ ಹೊರತುದಿ ಮತ್ತು ಕಿವಿಯ ನಡುವೆ ಬೆರಳಿಟ್ಟು ನೋಡಿ, ಅದು ಕಣತಲೆ. ತಲೆಬುರುಡೆ ಅಲ್ಲಿ ತೀರಾ ತೆಳುವಾಗಿದೆ, ಅದರ ಒಳಮೈಗೆ ಅಂಟಿಕೊಂಡೇ ಒಂದು ರಕ್ತನಾಳ ಹರಿಯುತ್ತದೆ. ಮೂಳೆ ಸೀಳಿದರೆ ಆ ನಾಳ ಹರಿದು, ಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ತುಂಬತೊಡಗುತ್ತದೆ. ಸ್ಕೂಟರಿನಿಂದ ಬೀಳುವವರು ಹೆಚ್ಚಾಗಿ ಪಕ್ಕಕ್ಕೇ ಬೀಳುತ್ತಾರೆ. ಟೋಪಿ ಹೆಲ್ಮೆಟ್ ಮುಚ್ಚದೆ ಬಿಡುವುದೂ ಕಣತಲೆ ಮತ್ತು ತಲೆಯ ಹಿಂಬದಿಯನ್ನೇ. ಪೂರ್ತಿ ಮುಖ ಮುಚ್ಚುವಂಥದ್ದು ದವಡೆಯನ್ನೂ ಕಾಯುತ್ತದೆ, ಸಾಧ್ಯವಾದರೆ ಅದನ್ನೇ ಕೊಡಿಸಿ. ಸೆಕೆಗೆ ಆಗುವುದಿಲ್ಲ ಎಂದು ಮಗ ಹಟ ಹಿಡಿದರೆ ಕಿವಿ, ಕಣತಲೆ, ಹಿಂದಲೆ ಮುಚ್ಚುವ ತೆರೆದ ಮುಖದ್ದಾದರೂ ಆಗಲಿ. ಸಾವಿರ ರೂಪಾಯಿಯ ಆಸುಪಾಸಿನಲ್ಲಿ 4151 ಇರುವ ಹೆಲ್ಮೆಟ್ ಅಂಗಡಿಯಲ್ಲಿ ಸಿಗುತ್ತದೆ, ಬಿಲ್ಲು ಕೇಳಿ ಪಡೆಯಿರಿ.

ಪ್ರಶ್ನೆ: ನನ್ನದು ಐಎಸ್‌ಐ ಹೆಲ್ಮೆಟ್ಟೇ, ಒಳಗೆ 600 ಎಂದು ಬರೆದಿದೆ. ಮೊದಲು ಸರಿಯಾಗಿತ್ತು, ಈಗ ಹೆದ್ದಾರಿಯ ಗಾಳಿಗೆ ಹಿಂದಕ್ಕೆ ಸರಿಯುತ್ತದೆ. ಪಟ್ಟಿ ಬಿಗಿ ಮಾಡಿದರೆ ಗಂಟಲು ಒತ್ತುತ್ತದೆ. ಆರು ವರ್ಷದ ಮಗಳಿಗೆ ನನ್ನ ಹೆಂಡತಿಯ ಹೆಲ್ಮೆಟ್ ಹಾಕಬಹುದೇ?
– ಅಂಗಡಿ ವ್ಯಾಪಾರಿ, ಕೋಟ

ಉತ್ತರ: 600 ಎಂದರೆ 60 ಸೆಂಟಿಮೀಟರ್ ಸುತ್ತಳತೆಯ ತಲೆಗೆ ಮಾಡಿದ್ದು. ದರ್ಜಿಯ ಟೇಪನ್ನು ಹುಬ್ಬಿನಿಂದ ಒಂದು ಬೆರಳು ಮೇಲೆ ಹಿಡಿದು, ಕಿವಿಗಳ ಮೇಲಿಂದ ತಂದು, ಹಿಂದೆ ತಲೆ ಅತಿ ಹೆಚ್ಚು ಉಬ್ಬಿದಲ್ಲಿ ಸುತ್ತಿ ಅಳೆಯಿರಿ. 58 ಬಂತು ಎಂದಿಟ್ಟುಕೊಳ್ಳಿ, ನಿಮಗೆ ಬೇಕಾದದ್ದು 580. ಎರಡು ಸೆಂಟಿಮೀಟರ್ ಅಲ್ಲವೇ ಎಂದು ಕಾಣಬಹುದು, ಬಿದ್ದಾಗ ಹೆಲ್ಮೆಟ್ ತಿರುಗಿ ಹಣೆ ಬಯಲಾಗಲು ಅಷ್ಟು ಸಾಕು. ಮೊದಲು ಸರಿಯಾಗಿದ್ದು ಈಗ ಸಡಿಲವಾಗಿದೆ ಎಂದಿದ್ದೀರಿ. ಹೊಸ ಮೆತ್ತೆ ಕೆಲವು ವಾರಗಳಲ್ಲಿ ತಲೆಗೆ ಒಗ್ಗಿ ಕುಗ್ಗುತ್ತದೆ. ಅದಕ್ಕೇ ಅಂಗಡಿಯಲ್ಲಿ ಹಾಕಿದಾಗ ಸುಖವೆನಿಸಿದ್ದು ಆಮೇಲೆ ದೊಡ್ಡದಾಗುತ್ತದೆ. ಹೊಸತು ಕೆನ್ನೆಯನ್ನು ಒಳಕ್ಕೆ ಒತ್ತುವಷ್ಟು ಬಿಗಿ ಇರಬೇಕು.

ಕೊಳ್ಳುವಾಗ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಎಡಬಲಕ್ಕೆ ತಿರುಗಿಸಿ. ಹಣೆಯ ಚರ್ಮವೂ ಅದರೊಟ್ಟಿಗೆ ಎಳೆದು ಬರಬೇಕು, ಹೆಲ್ಮೆಟ್ ಮಾತ್ರ ಜಾರಬಾರದು. ಬಳಿಕ ಪಟ್ಟಿ ಹಾಕಿ, ತಲೆ ಬಗ್ಗಿಸಿ, ಹಿಂದಿನ ಅಂಚನ್ನು ಇನ್ನೊಬ್ಬರು ಮೇಲಕ್ಕೂ ಮುಂದಕ್ಕೂ ಎತ್ತಲಿ. ಕಳಚಿ ಬಂದರೆ ಆ ಹೆಲ್ಮೆಟ್ ಬೇಡ. ಪಟ್ಟಿ ಗಲ್ಲದ ತುದಿಯಲ್ಲಿ ಅಲ್ಲ, ದವಡೆಯ ಕೆಳಗೆ ಗಂಟಲಿನ ಹತ್ತಿರ ಕೂರಬೇಕು, ಒಂದೆರಡು ಬೆರಳು ಮಾತ್ರ ತೂರುವಂತೆ. ನೀವು ಮಾಡುತ್ತಿರುವಂತೆ ದೊಡ್ಡ ಹೆಲ್ಮೆಟ್ಟಿನ ಸಡಿಲನ್ನು ಪಟ್ಟಿಯಿಂದ ಸರಿಪಡಿಸಲು ಆಗುವುದಿಲ್ಲ. ಹಾಗೆಂದು ಪಟ್ಟಿ ಹಾಕದೆ ಬಿಡುವುದೂ ಸಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನಲ್ಲೂ ಹೆಲ್ಮೆಟ್ಟನ್ನು ತಲೆಗೆ ಭದ್ರವಾಗಿ ಬಿಗಿದಿರಬೇಕು ಎಂದೇ ಇದೆ.

ಹಾಕಿ ಹತ್ತು ನಿಮಿಷ ಅಂಗಡಿಯಲ್ಲೇ ಕೂತಿರಿ. ತೆಗೆದಾಗ ಹಣೆಯ ಒಂದೇ ಜಾಗ ಕೆಂಪಾಗಿ ನೋಯುತ್ತಿದ್ದರೆ ಅಳತೆ ಸರಿ ಇದ್ದರೂ ಆಕಾರ ನಿಮ್ಮ ತಲೆಯದಲ್ಲ. ದಿನಾ ತಲೆನೋವು ಬಂದು ಕೊನೆಗೆ ಅದನ್ನು ಹ್ಯಾಂಡಲಿಗೆ ನೇತುಹಾಕುತ್ತೀರಿ. ಬೇರೆ ಕಂಪನಿಯದು ನೋಡಿ. ಹೆಂಡತಿ ತುರುಬು ಕಟ್ಟಿ, ಕ್ಲಿಪ್ಪು ಹಾಕಿ, ಅದರ ಮೇಲೆ ಹೆಲ್ಮೆಟ್ ಇಡುವುದಾದರೆ ಅದು ಸರಿಯಾಗಿ ಕೂರುವುದೇ ಇಲ್ಲ. ಜಡೆಯನ್ನು ಕುತ್ತಿಗೆಯ ಬಳಿ ಕೆಳಗೆ ಕಟ್ಟಲಿ.

ಮಗಳಿಗೆ ದೊಡ್ಡವರದು ಬೇಡ. ಆರು ವರ್ಷದ ಮಗುವಿನ ತಲೆ ಸಾಮಾನ್ಯವಾಗಿ 51-52 ಸೆಂಟಿಮೀಟರ್ ಇರುತ್ತದೆ. ಅವಳ ತಲೆ ಅಳೆದು ಆ ಅಳತೆಯದ್ದೇ ಮಕ್ಕಳ ಹೆಲ್ಮೆಟ್ ತನ್ನಿ. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಕಾನೂನಿನಂತೆ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಚಿಕ್ಕವರಿಗೆ ಹೆಲ್ಮೆಟ್ಟಿನ ಜೊತೆ ಸವಾರನಿಗೆ ಕಟ್ಟುವ ಬೆಲ್ಟೂ ಬೇಕು, ವೇಗ 40 ಕಿಲೋಮೀಟರ್ ದಾಟಬಾರದು.

ಪ್ರಶ್ನೆ: ಮಳೆಯಲ್ಲಿ ಬೈಕ್ ಜಾರಿ ಬಿದ್ದೆ. ಹೆಲ್ಮೆಟ್ ಇತ್ತು, ಮೇಲೆ ಒಂದು ಗೀರು ಅಷ್ಟೇ. ನನಗೂ ಏನೂ ಆಗಲಿಲ್ಲ. ಅದನ್ನೇ ಬಳಸಬಹುದಲ್ಲ?
– ಕಾಲೇಜು ವಿದ್ಯಾರ್ಥಿ, ಸಾಸ್ತಾನ

ಉತ್ತರ: ಮೊದಲು ನಿಮ್ಮ ವಿಷಯ. ಮೇಲೆ ಹೇಳಿದ ಕಣತಲೆಯ ರಕ್ತಸ್ರಾವದಲ್ಲಿ ಬಿದ್ದವರು ಎದ್ದು ಮಾತಾಡಿ, ಚಾ ಕುಡಿದು, ಕೆಲವು ಗಂಟೆಗಳ ನಂತರ ಪ್ರಜ್ಞೆ ತಪ್ಪುವುದುಂಟು. ಬಿದ್ದ ಮೇಲೆ ತಲೆನೋವು ಏರುತ್ತಾ ಹೋಗುವುದು, ಮತ್ತೆ ಮತ್ತೆ ವಾಂತಿ, ಮಂಪರು, ಒಂದು ಬದಿಯ ಕೈಕಾಲಿನ ಬಲ ಕಡಿಮೆಯಾಗುವುದು, ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ ಬರುವುದು, ಇವುಗಳಲ್ಲಿ ಒಂದು ಕಂಡರೂ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ತಕ್ಷಣ ಹೋಗಬೇಕು. ಹೆಲ್ಮೆಟ್ ಅಪಾಯವನ್ನು ಬಹಳ ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ.

ಹೆಲ್ಮೆಟ್ಟನ್ನು ಬದಲಿಸಿ. ಥರ್ಮಾಕೋಲ್ ಒಮ್ಮೆ ಜಜ್ಜಿದರೆ ಮತ್ತೆ ಉಬ್ಬುವುದಿಲ್ಲ, ಜಜ್ಜಿದ್ದು ಹೊರಗಿನಿಂದ ಕಾಣುವುದೂ ಇಲ್ಲ. ಗೀರು ಇರುವಲ್ಲೇ ಎರಡನೇ ಸಲ ಪೆಟ್ಟು ಬಿದ್ದರೆ ಅಲ್ಲಿ ಕುಗ್ಗಲು ಜಾಗ ಉಳಿದಿರುವುದಿಲ್ಲ. ತಲೆ ಒಳಗಿಲ್ಲದೆ ಸೀಟಿನಿಂದ ಉರುಳಿ ಬಿದ್ದಿದ್ದರೆ ಇಷ್ಟು ಹೆದರಬೇಕಿಲ್ಲ. ಹೊಸದನ್ನು ಕನ್ನಡಿಗೆ ಸಿಕ್ಕಿಸಿಡಬೇಡಿ, ಕನ್ನಡಿಯ ತುದಿ ಒಳಪದರವನ್ನು ಕುಳಿ ಮಾಡುತ್ತದೆ. ಪೆಟ್ರೋಲ್, ಥಿನ್ನರ್ ಹಾಕಿ ಒರೆಸಿದರೆ ಚಿಪ್ಪು ಕಾಣದಂತೆ ಬಿರುಕು ಬಿಡುತ್ತದೆ, ಸೋಪಿನ ನೀರು ಸಾಕು. ನಮ್ಮ ಕರಾವಳಿಯ ಬೆವರಿಗೂ ಮಳೆಗೂ ಒಳಬಟ್ಟೆ ಒದ್ದೆಯಾಗಿಯೇ ಉಳಿದು ನೆತ್ತಿಯಲ್ಲಿ ತುರಿಕೆ ಬರುತ್ತದೆ. ಆದ್ದರಿಂದ ಬಟ್ಟೆ ಬಿಚ್ಚಿ ಒಗೆಯಲು ಬರುವಂಥದ್ದನ್ನೇ ಆರಿಸಿ, ನೆರಳಲ್ಲಿ ಒಣಗಿಸಿ. ಬೀಳದೆ ಇದ್ದರೂ ಐದು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು, ಲೆಕ್ಕಕ್ಕೆ ಒಳಚೀಟಿಯ ತಿಂಗಳು, ವರ್ಷ ನೋಡಿ.

ಹಳೆಯದನ್ನು ಯಾರಿಗೂ ದಾನ ಕೊಡಬೇಡಿ. ಕಸಕ್ಕೆ ಹಾಕುವ ಮೊದಲು ಅದರ ಪಟ್ಟಿಯನ್ನು ಕತ್ತರಿಸಿಬಿಡಿ.