‘ಆಪರೇಷನ್ ಆಗಿದೆಯಲ್ಲ’ ಎಂದು ಸುಮ್ಮನಿರಬೇಡಿ

ಪ್ರಶ್ನೆ: ನಮ್ಮದು ಕೊಪ್ಪ ತಾಲ್ಲೂಕು, ಜಯಪುರದ ಕಡೆ. ನನ್ನ ಅತ್ತಿಗೆಗೆ 33 ವರ್ಷ. ಎರಡನೇ ಹೆರಿಗೆ ಆದ ಕೂಡಲೇ ಮಕ್ಕಳಾಗದ ಆಪರೇಷನ್ ಮಾಡಿಸಿ ಆರು ವರ್ಷವಾಯಿತು. ಹೋದ ತಿಂಗಳು ಮುಟ್ಟು 12 ದಿನ ತಡವಾಯಿತು. ಆಮೇಲೆ ಸ್ವಲ್ಪ ಸ್ವಲ್ಪ, ಕಪ್ಪು ಕಪ್ಪಾಗಿ ಹೋಗತೊಡಗಿತು. ಎಡಗಡೆ ಕೆಳಹೊಟ್ಟೆಯಲ್ಲಿ ಸೆಳೆತ. ತಡವಾಗಿ ಬಂದಿದ್ದಕ್ಕೆ ನೋವು ಎಂದುಕೊಂಡು ಅಮ್ಮ ಜೀರಿಗೆ ಕಷಾಯ ಮಾಡಿಕೊಟ್ಟರು. ಮೂರನೇ ದಿನ ನಸುಕಿನಲ್ಲಿ ನೋವು ಒಮ್ಮೆಲೇ ಜಾಸ್ತಿಯಾಯಿತು. ಕಕ್ಕಸಿಗೆ ಹೋಗಬೇಕು ಅನ್ನಿಸುತ್ತಿದೆ ಎಂದು ಎದ್ದವರು ಬಾಗಿಲ ಹತ್ತಿರವೇ ಕುಸಿದರು. ಮಲಗಿಸಿದರೆ ಭುಜ ನೋಯುತ್ತದೆ ಅಂದರು. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಸಂಜೆಗೆ ಮುಖ ಬಿಳಿಚಿಕೊಂಡಿತು. ಅಣ್ಣ ಶಿವಮೊಗ್ಗಕ್ಕೆ ಕರೆದುಕೊಂಡು ಹೋದ. ಹೊಟ್ಟೆ ತುಂಬ ರಕ್ತ, ಟ್ಯೂಬಿನಲ್ಲಿ ಗರ್ಭ ನಿಂತು ಒಡೆದಿದೆ ಎಂದರು. ಆ ರಾತ್ರಿಯೇ ಆಪರೇಷನ್ ಮಾಡಿ, ಮೂರು ಬಾಟಲಿ ರಕ್ತ ಕೊಟ್ಟು ಉಳಿಸಿದರು. ಆಪರೇಷನ್ ಆದವರಿಗೆ ಗರ್ಭ ನಿಲ್ಲುವುದು ಹೇಗೆ? ನಮಗೆ ಮೊದಲೇ ಗೊತ್ತಾಗುವ ದಾರಿ ಇತ್ತೆ? ನನಗೂ ಅದೇ ಆಪರೇಷನ್ ಆಗಿದೆ, ಭಯವಾಗುತ್ತಿದೆ. ಅಮ್ಮ ಅಂದಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ.

ಉತ್ತರ: ನಿಮ್ಮ ಅತ್ತಿಗೆ ಬದುಕಿ ಮನೆಗೆ ಬಂದಿದ್ದಾರೆ, ಅದು ದೊಡ್ಡದು. ಅಮ್ಮನಿಗೆ ಮೊದಲು ಈ ಮಾತು ಓದಿ ಹೇಳಿ: ಕಷಾಯದಿಂದ ಟ್ಯೂಬ್ ಒಡೆಯಲಿಲ್ಲ. ಕಷಾಯ ಕೊಡದಿದ್ದರೂ ಅದು ಒಡೆಯುತ್ತಿತ್ತು. ಮನೆಯಲ್ಲಿ ಎಲ್ಲರೂ ಯೋಚಿಸಿದಂತೆಯೇ ಅವರೂ ಯೋಚಿಸಿದರು. ಆಪರೇಷನ್ ಆಗಿದೆ, ಆದ್ದರಿಂದ ಇದು ಗರ್ಭವಲ್ಲ ಎಂಬ ಆ ಯೋಚನೆಯಲ್ಲೇ ತಪ್ಪಿದೆ. ಎಷ್ಟೋ ಸಲ ಚಿಕಿತ್ಸೆ ಕೊಡುವವರೂ ಅಲ್ಲೇ ಎಡವುತ್ತಾರೆ.

ಆಪರೇಷನ್ನಿನಲ್ಲಿ ಗರ್ಭಕೋಶವನ್ನು ಮುಟ್ಟುವುದಿಲ್ಲ. ಅದರ ಎರಡು ಪಕ್ಕದ ಗರ್ಭನಾಳಗಳನ್ನು ಕಟ್ಟಿ ಕತ್ತರಿಸುತ್ತಾರೆ, ಇಲ್ಲವೇ ರಿಂಗ್ ಹಾಕುತ್ತಾರೆ. ಅಪರೂಪಕ್ಕೆ, ಕತ್ತರಿಸಿದ ತುದಿಗಳ ನಡುವೆ ವರ್ಷಗಳಾದ ಮೇಲೆ ಸಣ್ಣ ದಾರಿ ಮತ್ತೆ ಮೂಡುತ್ತದೆ. ಆ ದಾರಿಯಲ್ಲಿ ವೀರ್ಯಾಣು ನುಸುಳಬಲ್ಲದು. ಆದರೆ ಫಲಿತ ಅಂಡ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಗರ್ಭಕೋಶದ ಕಡೆಗೆ ಬರಲು ಅದಕ್ಕೆ ಜಾಗ ಸಾಲದೆ ನಾಳದೊಳಗೇ ಬೇರೂರುತ್ತದೆ. ಹೀಗಾಗಿ ಈ ಆಪರೇಷನ್ ಆದವರಲ್ಲಿ ಗರ್ಭ ನಿಲ್ಲುವುದು ಬಹಳ ಕಡಿಮೆಯಾದರೂ, ನಿಂತರೆ ಅದು ನಾಳದಲ್ಲೇ ನಿಂತಿರುವ ಸಾಧ್ಯತೆ ಉಳಿದವರಿಗಿಂತ ತುಂಬ ಹೆಚ್ಚು. ಅಮೆರಿಕದಲ್ಲಿ ಈ ಆಪರೇಷನ್ ಆದ 10,685 ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದಿದೆ. ಅವರಲ್ಲಿ ಗರ್ಭ ನಿಂತದ್ದು 143 ಸಲ. ಅದರಲ್ಲಿ 47, ಅಂದರೆ ಹತ್ತಿರ ಹತ್ತಿರ ಮೂರರಲ್ಲಿ ಒಂದು, ಗರ್ಭಕೋಶದ ಹೊರಗೆ ನಿಂತದ್ದು. ಸಾಮಾನ್ಯವಾಗಿ ನೂರು ಗರ್ಭಗಳಲ್ಲಿ ಒಂದೋ ಎರಡೋ ಮಾತ್ರ ಹೀಗಾಗುತ್ತವೆ. ಆ ಅಧ್ಯಯನದಲ್ಲಿ ಕಂಡ ಇನ್ನೊಂದು ಸಂಗತಿ ನಿಮ್ಮ ಮನೆಗೆ ನೇರವಾಗಿ ಸೇರಿದ್ದು: ನಾಲ್ಕರಿಂದ ಹತ್ತನೇ ವರ್ಷದವರೆಗೂ ಈ ಅಪಾಯ ಮೊದಲ ಮೂರು ವರ್ಷಕ್ಕಿಂತ ಕಡಿಮೆಯಾಗಿರಲಿಲ್ಲ. ‘ಆರು ವರ್ಷ ಆಯಿತಲ್ಲ, ಇನ್ನೇನು’ ಎಂದು ನಿರಾಳವಾಗಿ ಇರುವಂತಿಲ್ಲ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಆಪರೇಷನ್ ಮಾಡಿಸಿಕೊಂಡವರು. ಹಾಗಾಗಿ ನಿಮ್ಮ ಪತ್ರವನ್ನು ಶೃಂಗೇರಿ, ಎನ್.ಆರ್. ಪುರದ ಮನೆಗಳಲ್ಲೂ ಓದಲಿ ಎಂದು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಇನ್ನು ಮೊದಲೇ ಗೊತ್ತಾಗುವ ದಾರಿ ಇತ್ತೆ ಎಂಬ ಪ್ರಶ್ನೆ. ಇತ್ತು. ಮುಟ್ಟು ತಡವಾದಾಗ, ಅಥವಾ ಕೊನೇ ಪಕ್ಷ ಆ ಕಪ್ಪು ಕಲೆ ಕಂಡ ದಿನ, ಮೂತ್ರದ ಪರೀಕ್ಷೆ ಮಾಡಿದ್ದರೆ ಎರಡು ಗೆರೆ ಬರುತ್ತಿತ್ತು. ನಾಳದಲ್ಲಿ ನಿಂತ ಗರ್ಭವೂ ಅದೇ ಹಾರ್ಮೋನನ್ನು ಹೊರಬಿಡುತ್ತದೆ. ಆದರೆ ಅದರ ಪ್ರಮಾಣ ಹೆಚ್ಚಾಗಿ ಏರಬೇಕಾದಷ್ಟು ಏರುವುದಿಲ್ಲ, ಗರ್ಭಕೋಶದ ಒಳಪದರ ನಿಲ್ಲಲಾರದೆ ಸ್ವಲ್ಪ ಸ್ವಲ್ಪವೇ ಕಳಚಿ ಬರುತ್ತದೆ. ಮುಟ್ಟು ಎಂದು ನೀವು ಅಂದುಕೊಂಡದ್ದು ಅದನ್ನೇ. ತಡವಾಗಿ ಬಂದು, ಎಂದಿನಂತೆ ಧಾರಾಳವಾಗಿ ಹೋಗದೆ, ಕಂದು ಬಣ್ಣದಲ್ಲಿ ಬಟ್ಟೆಗೆ ಅಂಟುವಷ್ಟೇ ಹೋಗುತ್ತಿದ್ದರೆ, ಜೊತೆಗೆ ಒಂದೇ ಬದಿ ನೋಯುತ್ತಿದ್ದರೆ, ಅದನ್ನು ಮುಟ್ಟು ಎಂದು ಲೆಕ್ಕ ಹಾಕಬೇಡಿ.

ಪರೀಕ್ಷೆಗೆ ಪೇಟೆಗೆ ಹೋಗಬೇಕಾಗಿಲ್ಲ. ಸರ್ಕಾರ ಕೊಡುವ ‘ನಿಶ್ಚಯ್’ ಕಿಟ್ ನಿಮ್ಮೂರಿನ ಆಶಾ ಕಾರ್ಯಕರ್ತೆಯ ಹತ್ತಿರ ಉಚಿತವಾಗಿ ಸಿಗುತ್ತದೆ. ಮೆಡಿಕಲ್ ಶಾಪಿನ ಕಿಟ್ ಕೂಡ ಆಗುತ್ತದೆ. ಬೆಳಗಿನ ಮೊದಲ ಮೂತ್ರದ ಎರಡು ಮೂರು ಹನಿ ಹಾಕಿ ಐದು ನಿಮಿಷ ಕಾದರೆ ಮುಗಿಯಿತು. ಎರಡನೇ ಗೆರೆ ಎಷ್ಟು ಮಸುಕಾಗಿದ್ದರೂ ಅದು ಗೆರೆಯೇ. ಒಂದೇ ಗೆರೆ ಬಂದು ಮುಟ್ಟು ಸರಿಯಾಗಿ ಆಗದಿದ್ದರೆ ಎರಡು ದಿನ ಬಿಟ್ಟು ಮತ್ತೆ ನೋಡಿ. ಆಪರೇಷನ್ ಆದವರು ಕಿಟ್ ಕೇಳಿದರೆ ಜನ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ನಮ್ಮ ಕಡೆ ಇದ್ದೇ ಇದೆ. ಕೆಲವರು ಅದೇ ಸಂಕೋಚದಿಂದ ಯಾರಿಗೂ ಹೇಳದೆ ಗರ್ಭ ತೆಗೆಸುವ ಮಾತ್ರೆ ತರಿಸಿ ನುಂಗುತ್ತಾರೆ. ಆ ಮಾತ್ರೆ ಕೆಲಸ ಮಾಡುವುದು ಗರ್ಭಕೋಶದೊಳಗಿನ ಗರ್ಭದ ಮೇಲೆ. ನಾಳದಲ್ಲಿರುವುದು ಹಾಗೇ ಬೆಳೆಯುತ್ತಿರುತ್ತದೆ. ಮಾತ್ರೆಯಿಂದ ರಕ್ತ ಹೋದದ್ದನ್ನು ಕಂಡು ಎಲ್ಲ ಮುಗಿಯಿತು ಎಂದು ನಂಬಿದವರು ಎರಡು ಮೂರು ವಾರ ಬಿಟ್ಟು ಸ್ಟ್ರೆಚರ್ ಮೇಲೆ ಬರುತ್ತಾರೆ.

ಎರಡು ಗೆರೆ ಬಂದು ಹೊಟ್ಟೆ ನೋಯುತ್ತಿದ್ದರೆ ಅವತ್ತೇ ಸ್ಕ್ಯಾನಿಂಗ್ ಆಗಬೇಕು. ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್‌ನಲ್ಲಿ ಐದೂವರೆ, ಆರು ವಾರದ ಗರ್ಭ ಗರ್ಭಕೋಶದಲ್ಲಿದ್ದರೆ ಸಾಮಾನ್ಯವಾಗಿ ಕಾಣಲೇಬೇಕು. ಗರ್ಭಕೋಶ ಖಾಲಿಯಿದ್ದು ಪರೀಕ್ಷೆ ಪಾಸಿಟಿವ್ ಇದ್ದರೆ ವೈದ್ಯರು ರಕ್ತದಲ್ಲಿ ಬೀಟಾ ಎಚ್‌ಸಿಜಿ ಎಂಬ ಹಾರ್ಮೋನಿನ ಮಟ್ಟ ನೋಡಿ, 48 ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ‘ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ’ ಎಂದು ಸಮಾಧಾನಪಟ್ಟು ಮನೆಗೆ ಬಂದುಬಿಡುವವರಿದ್ದಾರೆ. ಎರಡು ಗೆರೆ ಬಂದವರಿಗೆ ಏನೂ ಕಾಣದಿರುವುದು ಸಮಾಧಾನದ ಸುದ್ದಿಯಲ್ಲ, ಇನ್ನೂ ಹುಡುಕಬೇಕು ಎಂದು ಅರ್ಥ.

ಅಷ್ಟರಲ್ಲಿ ಸಿಕ್ಕಿದರೆ ಕೆಲವರಿಗೆ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ನಿನಲ್ಲೇ ಗುಣವಾಗುತ್ತದೆ. ನಾಳ ಒಡೆದಿರಬಾರದು, ಗರ್ಭ ಚಿಕ್ಕದಿರಬೇಕು, ಅದರಲ್ಲಿ ಹೃದಯ ಬಡಿತ ಕಂಡಿರಬಾರದು, ಹಾರ್ಮೋನಿನ ಮಟ್ಟ ಕಡಿಮೆ ಇರಬೇಕು. ಜೊತೆಗೆ ನಾಲ್ಕನೇ ದಿನ, ಏಳನೇ ದಿನ, ಆಮೇಲೆ ವಾರ ವಾರವೂ ರಕ್ತಪರೀಕ್ಷೆಗೆ ಬರಲೇಬೇಕು. ನಡುವೆ ಎಂದಾದರೂ ನಾಳ ಒಡೆದರೆ ಕೂಡಲೇ ಆಸ್ಪತ್ರೆ ಮುಟ್ಟುವಂತಿರಬೇಕು. ಆಷಾಢದ ಮಳೆಯಲ್ಲಿ ಮರ ಬಿದ್ದು ದಾರಿ ಮುಚ್ಚುವ, ಫೋನಿಗೆ ಸಿಗ್ನಲ್ ಸಿಗದ ಮನೆಯಲ್ಲಿರುವವರಿಗೆ ಈ ಕೊನೆಯ ಷರತ್ತು ಕಷ್ಟ. ಅಂಥವರು, ಅದರಲ್ಲೂ ಇನ್ನು ಮಕ್ಕಳು ಬೇಡ ಎಂದು ನಿರ್ಧರಿಸಿದವರು, ನಾಳವನ್ನೇ ತೆಗೆಸುವ ಶಸ್ತ್ರಚಿಕಿತ್ಸೆಯ ಬಗ್ಗೆ ವೈದ್ಯರ ಜೊತೆ ಮಾತಾಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಒಡೆದ ಮೇಲಿನ ಕಥೆ ಬೇರೆ. ನಿಮ್ಮ ಅತ್ತಿಗೆಗೆ ಅಂದು ನಸುಕಿನಲ್ಲಿ ಆದದ್ದು ಪ್ರತಿಯೊಂದೂ ಹೊಟ್ಟೆಯೊಳಗೆ ರಕ್ತ ಸೇರುತ್ತಿದ್ದುದರ ಗುರುತು. ರಕ್ತ ಗರ್ಭಕೋಶದ ಹಿಂದೆ, ಮಲದ್ವಾರದ ಮೇಲ್ಗಡೆಯ ತಗ್ಗಿನಲ್ಲಿ ನಿಂತಾಗ ಕಕ್ಕಸಿಗೆ ಹೋಗಬೇಕು ಅನ್ನಿಸುತ್ತದೆ. ಎದ್ದು ನಿಂತ ಕೂಡಲೇ ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರುತ್ತದೆ. ಮಲಗಿಸಿದಾಗ ರಕ್ತ ಮೇಲಕ್ಕೆ ಹರಿದು, ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆಣಕುತ್ತದೆ. ಆ ವಪೆಯ ನರ ಹೊರಡುವುದು ಕುತ್ತಿಗೆಯಿಂದ, ಭುಜದ ತುದಿಗೆ ಸ್ಪರ್ಶ ಕೊಡುವ ನರಗಳು ಹುಟ್ಟುವ ಜಾಗದಿಂದಲೇ. ಅದಕ್ಕೇ ಏನೂ ಭಾರ ಹೊರದೆ ಭುಜ ನೋಯುತ್ತದೆ. ಗ್ಯಾಸ್ ಎಂದು ಅನಿಸುವುದೂ ಇಲ್ಲೇ. ಚಿಕ್ಕ ವಯಸ್ಸಿನ ಹೆಂಗಸರ ದೇಹ ರಕ್ತ ಹೋದರೂ ಬಹಳ ಹೊತ್ತು ಬಿ.ಪಿ. ಬೀಳಗೊಡುವುದಿಲ್ಲ, ಆಮೇಲೆ ಒಮ್ಮೆಲೇ ಬೀಳುತ್ತದೆ. ಬಿ.ಪಿ. ಸರಿಯಿದೆ ಎಂದು ಯಾರಾದರೂ ಹೇಳಿದರೂ, ತಡವಾದ ಮುಟ್ಟು, ಕೆಳಹೊಟ್ಟೆ ನೋವು, ತಲೆಸುತ್ತು ಮೂರೂ ಇದ್ದರೆ ‘ಮೂತ್ರ ಪರೀಕ್ಷೆ ಮಾಡಿ ಸಾರ್’ ಎಂದು ನೀವೇ ಬಾಯಿಬಿಟ್ಟು ಕೇಳಿ. ಆಪರೇಷನ್ ಆಗಿದೆ ಎಂಬುದನ್ನೂ, ಕೊನೆಯ ಮುಟ್ಟಿನ ತಾರೀಖನ್ನೂ ಮೊದಲ ಮಾತಿನಲ್ಲೇ ಹೇಳಿ.

ಆ ಸ್ಥಿತಿಯಲ್ಲಿ ಕಿಟ್ ಹುಡುಕುತ್ತ ಕೂರಬೇಡಿ, ನೋವಿನ ಮಾತ್ರೆ ಬೇಡ, ಊಟ ನೀರೂ ಬೇಡ. 108ಕ್ಕೆ ಫೋನ್ ಮಾಡಿ, ಅದು ಬರಲು ತಡವಾದರೆ ಸಿಕ್ಕಿದ ಜೀಪು ಕಾರಿನಲ್ಲಿ ಮಲಗಿಸಿಕೊಂಡೇ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ದಾರಿಯಲ್ಲೇ ಆಸ್ಪತ್ರೆಗೆ ಫೋನ್ ಮಾಡಿ, ಇವತ್ತು ಹೆರಿಗೆ ಡಾಕ್ಟರು, ಅನಸ್ತೇಷಿಯಾ ಡಾಕ್ಟರು ಇಬ್ಬರೂ ಇದ್ದಾರೆಯೇ, ರಕ್ತ ಸಿಗುತ್ತದೆಯೇ ಎಂದು ಕೇಳಿ. ಇಲ್ಲವೆಂದರೂ ಅಲ್ಲಿ ಡ್ರಿಪ್ ಹಾಕಿಸಿಕೊಂಡು, ಮುಂದಿನ ಆಸ್ಪತ್ರೆಗೆ ಸುದ್ದಿ ಮುಟ್ಟಿಸಿಯೇ ಹೊರಡಿ. ಕೊಪ್ಪದಿಂದ ತೀರ್ಥಹಳ್ಳಿ ಮೇಲೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಎರಡು ಗಂಟೆಯಾದರೂ ಬೇಕು. ಶೃಂಗೇರಿಯವರು ಮಣಿಪಾಲಕ್ಕೆ ಹೋಗುವುದಾದರೆ ಆಗುಂಬೆ ಘಾಟಿ ಇವತ್ತು ಬಿಟ್ಟಿದ್ದಾರೆಯೇ ಎಂದು ಕೇಳಿಕೊಂಡೇ ಹೊರಡಬೇಕು. ಎನ್.ಆರ್. ಪುರದವರಿಗೆ ಶಿವಮೊಗ್ಗವೇ ಹತ್ತಿರ. ಜೊತೆಗೆ ಹೋಗುವವರಲ್ಲಿ ರಕ್ತ ಕೊಡಬಲ್ಲ ಇಬ್ಬರಿರಲಿ.

ನಿಮ್ಮ ಭಯದ ಬಗ್ಗೆ ಹೇಳುವುದಾದರೆ, ಆಪರೇಷನ್ ಆದ ಸಾವಿರ ಮಂದಿಯಲ್ಲಿ ಹತ್ತು ವರ್ಷದೊಳಗೆ ನಾಳದ ಗರ್ಭ ಕಂಡವರು ಆ ಅಧ್ಯಯನದಲ್ಲಿ ಸುಮಾರು ಏಳು ಮಂದಿ. ಉಳಿದ 993 ಮಂದಿಗೆ ನಾಳದ ಗರ್ಭ ಆಗಲಿಲ್ಲ. ನೀವು ಮಾಡಬೇಕಾದದ್ದು ಇಷ್ಟೇ, ಮುಟ್ಟಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ಒಂದು ವಾರ ತಡವಾದರೆ ಪರೀಕ್ಷೆ ಮಾಡಿಕೊಳ್ಳಿ. ಆಪರೇಷನ್ ಆಗದವರಿಗೂ, ಕಾಪರ್-ಟಿ ಹಾಕಿಸಿಕೊಂಡವರಿಗೂ ಇದೇ ಮಾತು. ನಾಳದ ಗರ್ಭವಾದವರಲ್ಲಿ ಅರ್ಧದಷ್ಟು ಮಂದಿಗೆ ಹೇಳಿಕೊಳ್ಳುವ ಯಾವ ಕಾರಣವೂ ಇರುವುದಿಲ್ಲ.

ಅತ್ತಿಗೆಯ ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ. ಎಡಗಡೆಯ ನಾಳ ಮಾತ್ರ ತೆಗೆದಿದ್ದಾರೆಯೇ, ಎರಡನ್ನೂ ತೆಗೆದಿದ್ದಾರೆಯೇ? ಬಲಗಡೆಯದು ಉಳಿದಿದ್ದರೆ ಅಪಾಯ ಪೂರ್ತಿ ಹೋಗಿಲ್ಲ, ಮುಂದೇನು ಎಂದು ವೈದ್ಯರನ್ನು ಕೇಳಿ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆ್ಯಂಟಿ-ಡಿ ಇಂಜೆಕ್ಷನ್ ಕೊಟ್ಟಿದ್ದಾರೆಯೇ ಎಂದೂ ನೋಡಿ. ಇನ್ನೊಂದು ವಿಷಯ ನಿಮ್ಮ ಅಣ್ಣನಿಗೆ ತಿಳಿಸಿ. ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆಯಿರುವ ಆಸ್ಪತ್ರೆಯಲ್ಲಿ ಆದ ಮಕ್ಕಳಾಗದ ಆಪರೇಷನ್ ವಿಫಲವಾದರೆ ಪರಿಹಾರ ಸಿಗುವ ಯೋಜನೆಯಿದೆ. ವಿಫಲವಾದದ್ದು ಗೊತ್ತಾದ ದಿನದಿಂದ 90 ದಿನದೊಳಗೆ ಅರ್ಜಿ ಕೊಡಬೇಕು. ಆರು ವರ್ಷದ ಹಿಂದಿನ ಆಪರೇಷನ್ನಿನ ಪ್ರಮಾಣಪತ್ರ, ಈಗಿನ ಸ್ಕ್ಯಾನಿಂಗ್ ವರದಿ ಮತ್ತು ಡಿಸ್ಚಾರ್ಜ್ ಚೀಟಿಯ ಪ್ರತಿಗಳನ್ನು ತೆಗೆದುಕೊಂಡು ಕೊಪ್ಪದ ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಲಿ. ಒಂದು ತಿಂಗಳು ಆಗಲೇ ಕಳೆದಿದೆ, ಈ ವಾರವೇ ಹೋಗಲಿ.