ಒಲೆಯ ಲೆಕ್ಕವಿಲ್ಲದ ಕೇಸ್ ಸ್ಟಡಿ

ಪ್ರೀತಿಯ ಕೂಸೇ,

ನೀನು ಬಿಟ್ಟುಹೋದ ನರ್ಸಿಂಗ್ ಕೇಸ್ ಸ್ಟಡಿ ಫೈಲನ್ನು ಕೂತು ಪೂರ್ತಿ ಓದಿದೆ. ಅಕ್ಷರ ದುಂಡಗಿದೆ, ಶ್ವಾಸಕೋಶದ ಚಿತ್ರಕ್ಕೆ ಬಣ್ಣ ಹಚ್ಚಿದ್ದೀಯ, ಸಿಒಪಿಡಿ ಎಂದರೇನು ಎಂಬ ವಿವರಣೆ ಪುಟಗಟ್ಟಲೆ ಇದೆ. ಆದರೆ ಆ ಹೆಂಗಸು ಎಲ್ಲಿ? ಗುಂಡ್ಲುಪೇಟೆ ಕಡೆಯ ಹಳ್ಳಿಯಿಂದ ಏದುಸಿರು ಬಿಡುತ್ತಾ ಚಾಮರಾಜನಗರಕ್ಕೆ ಬಂದು ನಿನ್ನ ವಾರ್ಡಿನಲ್ಲಿ ಮಲಗಿದ್ದ 58 ವರ್ಷದ ಆಕೆ ಮೊದಲ ಪುಟ ದಾಟಿದ ಮೇಲೆ ಎಲ್ಲೂ ಕಾಣುವುದಿಲ್ಲ. ಸೀನಿಯರ್‌ಗಳ ಫೈಲಿನಿಂದ ಇಳಿಸಿಕೊಂಡ ಸಾಲುಗಳು ಮಾತ್ರ ಚೆನ್ನಾಗಿ ಕಾಣುತ್ತವೆ. ಇದನ್ನೇ ಕೊಟ್ಟುಬಿಡಲಾ, ಇಲ್ಲ ಆಕೆಯ ಊರಿಗೊಮ್ಮೆ ಹೋಗಿಬಂದು ಹೊಸದಾಗಿ ಬರೆಯಲಾ ಎಂದು ಕೇಳಿದ್ದೀಯ. ತೀರ್ಮಾನ ನಿನ್ನದು, ಪರೀಕ್ಷೆ ಹತ್ತಿರವಿದೆ ಎನ್ನುವುದೂ ನನಗೆ ಗೊತ್ತು. ಆದರೂ ಓದುತ್ತಾ ನನಗೆ ಸಿಟ್ಟು ಬಂತು. ಅದನ್ನು ಮುಚ್ಚಿಟ್ಟುಕೊಂಡು ಬುದ್ಧಿ ಹೇಳಲು ನನಗೆ ಬರುವುದಿಲ್ಲ.

ಮೊದಲ ಸಿಟ್ಟು ಎರಡೇ ಪದದ ಮೇಲೆ. ‘ಧೂಮಪಾನ: ಇಲ್ಲ’ ಎಂದು ಬರೆದು ಮುಂದೆ ಹೋಗಿದ್ದೀಯ. ಬೀಡಿ ಸೇದದ ಹೆಂಗಸಿಗೆ ಈ ಕಾಯಿಲೆ ಎಲ್ಲಿಂದ ಬಂತು ಎಂದು ನಿನಗೆ ಅನ್ನಿಸಲೇ ಇಲ್ಲವೇ?

ನಮ್ಮ ಅಜ್ಜಿಯನ್ನು ನೀನು ನೋಡಿಲ್ಲ. ಕೋಳಿ ಕೂಗುವ ಮುಂಚೆ ಆಕೆಯ ಕೆಮ್ಮು ಕೇಳಿಸುತ್ತಿತ್ತು. ಅಡುಗೆಮನೆಗೆ ಇದ್ದದ್ದು ಒಂದು ಬೆಳಕಿಂಡಿ. ಮಳೆಗಾಲದಲ್ಲಿ ಹಸಿ ಸೌದೆ, ಬೇಸಿಗೆಯಲ್ಲಿ ತೆಂಗಿನ ಗರಿ, ಜೋಳದ ದಿಂಡು, ಬೆರಣಿ, ಕೈಗೆ ಸಿಕ್ಕಿದ್ದೆಲ್ಲ ಒಲೆಗೆ. ಹಿಟ್ಟು ತಿರುವುವಾಗ ಊದುಕೊಳವೆಯಲ್ಲಿ ಊದಿ, ಹೊಗೆ ಕುಡಿದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ಊದುತ್ತಿದ್ದಳು. ಕೊನೆಕೊನೆಗೆ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಗೋಡೆಗೆ ಒರಗುತ್ತಿದ್ದಳು. ಮನೆಯವರೆಲ್ಲ ‘ಗೂರಲು, ವಯಸ್ಸಾಯ್ತಲ್ಲ’ ಎಂದು ಸುಮ್ಮನಾದರು. ನಾನು ನರ್ಸಾಗಿ ಕೆಲಸಕ್ಕೆ ಸೇರಿದ ಮೇಲೆ ವಾರ್ಡಿಗೆ ಬರುತ್ತಿದ್ದ ಹೆಂಗಸರಲ್ಲಿ ಮತ್ತೆ ಮತ್ತೆ ಅಜ್ಜಿಯನ್ನೇ ಕಂಡೆ. ಅವರ ಚೀಟಿಯಲ್ಲೂ ಇದೇ ಎರಡು ಪದ ಇರುತ್ತಿದ್ದವು.

ಈ ಒಲೆಯ ಹೊಗೆಗೆ ಒಂದು ಲೆಕ್ಕವಿದೆ, ನಿನಗೆ ಕಷ್ಟವೇನಲ್ಲ. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಕೂರುತ್ತಾರೋ ಅದನ್ನು ಎಷ್ಟು ವರ್ಷ ಕೂತಿದ್ದಾರೋ ಅದರಿಂದ ಗುಣಿಸುವುದು. ಪಕ್ಕದ ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಮೇಲೆ ಮೈಸೂರಿನ ವೈದ್ಯರೇ ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ್ದಾರೆ. ಆ ಗುಣಲಬ್ಧ 60 ತಲುಪಿದ ಮೇಲೆ ಕ್ರಾನಿಕ್ ಬ್ರಾಂಕೈಟಿಸ್ ಬರುವ ಅಪಾಯ ಎದ್ದು ಕಾಣುತ್ತದೆ ಎಂದು ಅವರು ಕಂಡುಕೊಂಡರು. ನಿನ್ನ ರೋಗಿ 16ನೇ ವಯಸ್ಸಿಗೆ ಒಲೆ ಹಿಡಿದವಳು, ದಿನಕ್ಕೆ ಮೂರು ಗಂಟೆ ಎಂದರೂ 42 ವರ್ಷಕ್ಕೆ 126 ಆಯಿತು. ಈ ಒಂದು ಸಂಖ್ಯೆ ನಿನ್ನ ಫೈಲಿನಲ್ಲಿದ್ದಿದ್ದರೆ ಮುಂದಿನ ಪುಟಗಳೆಲ್ಲ ಬೇರೆಯಾಗುತ್ತಿದ್ದವು. ಹಾಗೇ ಅರಿಶಿನ ಬೇಯಿಸುವ ಕಾಲದಲ್ಲಿ ಕೂಲಿಗೆ ಹೋಗುತ್ತಿದ್ದಳಾ, ಕರಿಕಲ್ಲು ಕ್ವಾರಿಯಲ್ಲಿ ದುಡಿದಿದ್ದಳಾ, ಹಿಂದೆ ಟಿಬಿ ಆಗಿತ್ತಾ ಎಂದೂ ಕೇಳಬೇಕಿತ್ತು. ನಮ್ಮ ಸೀಮೆಯಲ್ಲಿ ಇವನ್ನು ಕೇಳದೆ ಎದೆಯ ಕಾಯಿಲೆಯ ಅಸೆಸ್‌ಮೆಂಟ್ ಮುಗಿಯುವುದಿಲ್ಲ.

ಎರಡನೆಯ ಸಿಟ್ಟು ಇನ್ನೂ ದೊಡ್ಡದು. ಪ್ಲಾನಿಂಗ್ ಅಂಕಣದಲ್ಲಿ ಗುರಿ ಎಂದು ‘ಆಕ್ಸಿಜನ್ ಪ್ರಮಾಣ 98ಕ್ಕಿಂತ ಮೇಲೆ ಇರಿಸುವುದು’ ಎಂದು ಬರೆದಿದ್ದೀಯ. ಆಕೆ ಬಂದಾಗ ಆಕ್ಸಿಮೀಟರ್ 84 ತೋರಿಸಿತು, ಉಸಿರು ನಿಮಿಷಕ್ಕೆ 30, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ 58. ಅದು 45ರೊಳಗೆ ಇರಬೇಕಾದದ್ದು. ಇಂಥವರಿಗೆ ಗುರಿ 88ರಿಂದ 92, ಅದಕ್ಕಿಂತ ಮೇಲೆ ಅಲ್ಲ. ಪುಸ್ತಕದಲ್ಲಿ ಇದೂ ಇದೆ, ನೀನು ಬೇರೆ ಯಾವುದೋ ರೋಗಿಯ ಪ್ಲಾನನ್ನು ಇಲ್ಲಿಗೆ ಅಂಟಿಸಿದ್ದೀಯ.

ಬೇರೊಂದು ಊರಿನ ಆಸ್ಪತ್ರೆಯಲ್ಲಿ ನಾನು ಹೊಸಬಳಾಗಿದ್ದಾಗ ಒಬ್ಬ ಮುದುಕರು ಹೀಗೇ ದಾಖಲಾಗಿದ್ದರು. ಆಗ ಪ್ರತಿ ಹಾಸಿಗೆಗೂ ಆಕ್ಸಿಮೀಟರ್ ಎಲ್ಲಿಂದ ಬರಬೇಕು? ರಾತ್ರಿ ಅವರ ಮಗ, ಅಪ್ಪನ ಸಂಕಟ ನೋಡಲಾರದೆ, ಸಿಲಿಂಡರಿನ ತಿರುಪನ್ನು ಪೂರ್ತಿ ತಿರುಗಿಸಿದ್ದ. ಸ್ವಲ್ಪ ಹೊತ್ತಿಗೆ ಮುದುಕರು ಸದ್ದಿಲ್ಲದೆ ಮಲಗಿದರು, ಎಲ್ಲರಿಗೂ ಸಮಾಧಾನವಾಯಿತು. ನಮ್ಮ ಹಿರಿಯ ಸಿಸ್ಟರ್ ರೌಂಡಿಗೆ ಬಂದವರು ಆ ನಿದ್ದೆಯನ್ನು ನಂಬಲಿಲ್ಲ. ಭುಜ ಅಲುಗಿಸಿ ಹೆಸರು ಕೇಳಿದರು, ಉತ್ತರ ತೊದಲಿತು. ಎರಡೂ ಕೈ ಮುಂದೆ ಚಾಚಿಸಿ ಅಂಗೈ ಮೇಲಕ್ಕೆ ಬಾಗಿಸಿದರು, ಮಣಿಕಟ್ಟು ತಡೆತಡೆದು ಕೆಳಕ್ಕೆ ಬಡಿಯಿತು. ಅಂಗೈ ಬಿಸಿ, ನಾಡಿ ಜೋರು. ಡಾಕ್ಟರನ್ನು ಕರೆಸಿ ಆಕ್ಸಿಜನ್ ಇಳಿಸಿದರು, ಆದರೆ ಪೂರ್ತಿ ತೆಗೆಯಲಿಲ್ಲ. ಒಮ್ಮೆಲೇ ತೆಗೆದರೆ ರಕ್ತದ ಆಕ್ಸಿಜನ್ ಮೊದಲಿಗಿಂತ ಕೆಳಗೆ ಬೀಳುತ್ತದೆ ಎಂದು ನನಗೆ ಅಲ್ಲೇ ಹೇಳಿದರು. ಬೆಳಗಿನ ಹೊತ್ತಿಗೆ ಮುದುಕರು ಕಾಫಿ ಕೇಳಿದರು.

ಹೀಗೇಕೆ ಆಗುತ್ತದೆ ಎನ್ನುವುದನ್ನು ನಿನ್ನ ಕಾರಣದ ಅಂಕಣದಲ್ಲಿ ಬರೆಯಬೇಕು. ಹೆಚ್ಚು ಆಕ್ಸಿಜನ್ ಕೊಟ್ಟರೆ ಉಸಿರಾಡುವ ಪ್ರಚೋದನೆ ಕಡಿಮೆಯಾಗುತ್ತದೆ ಎಂದು ನಮಗೆ ಕಲಿಸಿದ್ದರು. ಅದು ಒಂದು ಭಾಗ ಅಷ್ಟೇ. ಗಾಳಿ ಸರಿಯಾಗಿ ಆಡದ ಕಡೆಗೆ ಹೋಗುವ ರಕ್ತವನ್ನು ಶ್ವಾಸಕೋಶ ತಾನೇ ಬಿಗಿಹಿಡಿದಿರುತ್ತದೆ. ಆಕ್ಸಿಜನ್ ಸುರಿದರೆ ಆ ಹಿಡಿತ ಸಡಿಲಿ ರಕ್ತ ಮತ್ತೆ ಆ ಕೆಟ್ಟ ಭಾಗಕ್ಕೇ ಹರಿಯುತ್ತದೆ, ಅಲ್ಲಿ ಇಂಗಾಲದ ಡೈಆಕ್ಸೈಡ್ ಹೊರಹೋಗಲಾರದು. ಜೊತೆಗೆ ಆಕ್ಸಿಜನ್ ತುಂಬಿದ ಹಿಮೋಗ್ಲೋಬಿನ್ ತಾನು ಹೊತ್ತಿದ್ದ ಡೈಆಕ್ಸೈಡನ್ನು ಕೆಳಗಿಳಿಸಿಬಿಡುತ್ತದೆ. ಅದಕ್ಕೇ ವೆಂಚುರಿ ಮಾಸ್ಕ್. ಅದರ ಬುಡದ ಬಣ್ಣದ ತುಂಡಿನ ಮೇಲೆ ಎಷ್ಟು ಲೀಟರು ಬಿಡಬೇಕೆಂದು ಅಚ್ಚಾಗಿರುತ್ತದೆ, ಓದಿ ಬಿಡಬೇಕು. ತಿರುಪು ಮುಟ್ಟಬೇಡಿ ಎಂದು ಜೊತೆಗಿರುವವರಿಗೆ ಬಿಡಿಸಿ ಹೇಳುವುದೂ ನರ್ಸಿನ ಕೆಲಸವೇ. ನಿನ್ನ ಇಂಪ್ಲಿಮೆಂಟೇಶನ್‌ನಲ್ಲಿ ಅದು ಬರಲಿ. ‘ಮಾನಸಿಕ ಧೈರ್ಯ ತುಂಬಲಾಯಿತು’ ಎಂಬ ಸಾಲನ್ನು ಹೊಡೆದುಹಾಕು, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಇನ್ಹೇಲರ್ ವಿಷಯಕ್ಕೆ ಬರುತ್ತೇನೆ. ‘ಇನ್ಹೇಲರ್ ಬಳಕೆ ವಿವರಿಸಲಾಯಿತು’ ಎಂದಿದ್ದೀಯ. ನೀನು ವಿವರಿಸಿದೆ, ಸರಿ, ಆಕೆ ಹೇಗೆ ಎಳೆದಳು? ಪುಡಿಯ ಕ್ಯಾಪ್ಸೂಲು ಹಾಕುವ ರೊಟಾಹೇಲರ್ ಕೊಟ್ಟರೆ ನಮ್ಮ ಹೆಂಗಸರು ಊದುಕೊಳವೆಯ ಅಭ್ಯಾಸದಲ್ಲಿ ಅದರೊಳಕ್ಕೆ ಊದುತ್ತಾರೆ. ಪುಡಿ ಒದ್ದೆಯಾಗಿ ಅಲ್ಲೇ ಅಂಟುತ್ತದೆ. ಎಳೆದ ಮೇಲೆ ಬಿಚ್ಚಿ ನೋಡಬೇಕು, ಪುಡಿ ಉಳಿದಿದ್ದರೆ ಔಷಧಿ ಪೂರ್ತಿ ಎದೆಗೆ ಹೋಗಿಲ್ಲ ಎಂದೇ ಅರ್ಥ. ಅದನ್ನು ಜೋರಾಗಿ ಆಳವಾಗಿ ಎಳೆಯುವಷ್ಟು ಕಸುವಿಲ್ಲದವರಿಗೆ ಸ್ಪೇಸರ್ ಜೋಡಿಸಿದ ಪಂಪು ಅನುಕೂಲ ಎಂದು ಡಾಕ್ಟರಿಗೆ ಹೇಳಬಹುದು. ಪಂಪು ಕುಲುಕಿ, ಉಸಿರು ಬಿಟ್ಟು, ಬಾಯಿ ಬಿಗಿಹಿಡಿದು, ಒಂದು ಸಲ ಒತ್ತಿ, ನಿಧಾನವಾಗಿ ಎಳೆದು, ಹತ್ತು ಎಣಿಸುವಷ್ಟು ಹೊತ್ತು ಹಿಡಿಯುವುದು. ಸ್ಟೀರಾಯ್ಡ್ ಇರುವ ಪಂಪಾದರೆ ಬಾಯಿ ಮುಕ್ಕಳಿಸುವುದು. ಆಕೆ ಮಾಡಿ ತೋರಿಸಲಿ, ನೀನು ಯಾವ ಹಂತ ತಪ್ಪಿತು ಎಂದು ಬರೆ.

ಈಗ ಕೊನೆಯ ಅಂಕಣ. ಎಲ್ಲ ಗುರಿಗಳ ಎದುರಿಗೂ ‘ಸಾಧಿಸಲಾಗಿದೆ’ ಎಂದು ಬರೆದು ಕೈತೊಳೆದಿದ್ದೀಯ. ಯಾವುದರಿಂದ ಅಳೆದೆ? ಮೊದಲ ದಿನ ಅಳೆದದ್ದನ್ನೇ ಕೊನೆಯ ದಿನ ಮತ್ತೆ ಅಳೆಯುವುದು, ಇವ್ಯಾಲ್ಯುಯೇಶನ್ ಎಂದರೆ ಅಷ್ಟೇ. ಬೇಕಾದದ್ದೆಲ್ಲ ನಿನ್ನ ರಫ್ ಪುಸ್ತಕದಲ್ಲೇ ಇದೆ, ಫೈಲಿನ ಒಳಗೆ ಸಿಕ್ಕಿಕೊಂಡಿತ್ತು, ಅದನ್ನೂ ಓದಿದೆ. ಬಂದ ದಿನ ಎರಡು ಮಾತಿಗೊಮ್ಮೆ ಉಸಿರು ತಗೊಳ್ಳುತ್ತಿದ್ದಳು, ಮೊಣಕಾಲ ಮೇಲೆ ಕೈಯೂರಿ ಮುಂದಕ್ಕೆ ಬಾಗಿ ಕೂತಿದ್ದಳು. ಬಿಡುಗಡೆಯ ದಿನ ಒಂದು ವಾಕ್ಯ ಪೂರ್ತಿ ಹೇಳಿದಳು. ಉಸಿರು 30ರಿಂದ 22ಕ್ಕೆ ಇಳಿದಿತ್ತು. ಆಕ್ಸಿಜನ್ ಇಲ್ಲದೆ 90 ಇತ್ತು. ಎರಡು ಎಣಿಸುತ್ತಾ ಉಸಿರೆಳೆದು, ತುಟಿ ಮೊನಚು ಮಾಡಿ ನಾಲ್ಕು ಎಣಿಸುತ್ತಾ ಬಿಡುವುದನ್ನು ಕಲಿತಿದ್ದಳು. ಆದರೆ ತೂಕ 41 ಕಿಲೋದಲ್ಲೇ ನಿಂತಿತ್ತು, ವಾರ್ಡಿನ ಕೊನೆಯವರೆಗೆ ನಡೆದರೆ ನಿಲ್ಲಬೇಕಿತ್ತು. ಹಾಗಿದ್ದರೆ ಉಸಿರಾಟದ ಗುರಿ ಸಾಧಿಸಿದೆ, ನಡಿಗೆಯದು ಭಾಗಶಃ, ಆಹಾರದ್ದು ಸಾಧಿಸಿಲ್ಲ. ಸಾಧಿಸಿಲ್ಲ ಎಂದು ಬರೆದ ಕಡೆಯಿಂದಲೇ ಹೊಸ ಪ್ಲಾನ್ ಶುರುವಾಗುತ್ತದೆ. ಹೊಟ್ಟೆ ಬಿರಿಯೆ ಒಂದು ದೊಡ್ಡ ಮುದ್ದೆ ಉಂಡರೆ ವಪೆ ಮೇಲಕ್ಕೆ ತಳ್ಳಿ ಉಸಿರು ಕಟ್ಟುತ್ತದೆ. ಅದನ್ನೇ ಚಿಕ್ಕ ಚಿಕ್ಕದಾಗಿ ಐದಾರು ಹೊತ್ತು ಉಣ್ಣಬೇಕು, ಜೊತೆಗೆ ಮೊಟ್ಟೆಯೋ ಹುರುಳಿಯೋ ಇರಲಿ ಎಂದು ಸೊಸೆಗೆ ಹೇಳಬೇಕಲ್ಲ?

ನೀನು ಆಕೆಯ ಊರಿಗೆ ಹೋಗಬೇಕು ಎಂದು ನಾನು ಹೇಳುವುದು ಇದಕ್ಕೇ. ವಾರ್ಡಿನಲ್ಲಿ ಹೊಗೆ ಇರಲಿಲ್ಲ, ಮನೆಯಲ್ಲಿ ಇದೆ. ಗ್ಯಾಸ್ ಇದೆಯಾ ಎಂದು ಕೇಳಿದರೆ ಇದೆ ಎನ್ನುತ್ತಾರೆ. ನಾನು ಕಂಡ ಎಷ್ಟೋ ಮನೆಗಳಲ್ಲಿ ಸಿಲಿಂಡರು ಕಾಫಿಗೆ, ನೆಂಟರಿಗೆ. ಸ್ನಾನದ ಹಂಡೆಗೆ ದಿನವೂ ಸೌದೆಯೇ, ಆ ಬೆಂಕಿ ಹಾಕುವುದು ಮನೆಯ ಮುದುಕಿಯೇ. ಹಂಡೆ ಒಲೆಯನ್ನು ಹೊರಗೆ ಗಾಳಿಗೆ ಸರಿಸಿ, ಬೆಂಕಿಯ ಕೆಲಸ ಬೇರೆಯವರು ನೋಡಿಕೊಳ್ಳುವಂತೆ ಒಪ್ಪಿಸಿದರೆ ಅದು ನಿಜವಾದ ಹೆಲ್ತ್ ಎಜುಕೇಶನ್. ಹಾಳಾದ ಶ್ವಾಸಕೋಶ ಹೊಸದಾಗುವುದಿಲ್ಲ, ಆ ವಿಷಯದಲ್ಲಿ ಆಕೆಗೆ ಸುಳ್ಳು ಹೇಳಬೇಡ. ಕಫ ಹಳದಿ ತಿರುಗಿದರೆ, ಮಂಪರು ಹೆಚ್ಚಾದರೆ, ಬೆಳಗ್ಗೆ ಎದ್ದಾಗ ತಲೆನೋವಿದ್ದರೆ ಕಾಯದೆ ಬರಬೇಕು ಎಂದು ಹೇಳು. ಮೈ ಹುಷಾರಾದ ಮೇಲೆ ಸ್ಪೈರೊಮೆಟ್ರಿ ಮಾಡಿಸಿದ್ದಾರಾ ಎಂದೂ ಕೇಳು. ಕಾಯಿಲೆ ಉಲ್ಬಣಿಸಿದಾಗ ಮಾಡಿದ ಪರೀಕ್ಷೆ ನಂಬಿಕೆಗೆ ಬರುವುದಿಲ್ಲ.

ಇಷ್ಟು ಗದರಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ‘ಒಲೆ ಮುಂದೆ ಕುಂತ್ರೆ ಉಸ್ರೇ ಬರಲ್ಲ ಕಣವ್ವ’ ಎಂದು ಆಕೆ ಹೇಳಿದ್ದನ್ನು ರಫ್ ಪುಸ್ತಕದ ಅಂಚಿನಲ್ಲಿ ಬರೆದುಕೊಂಡವಳು ನೀನೇ. ಅಷ್ಟು ಕೇಳಿಸಿಕೊಳ್ಳುವ ಕಿವಿ ಇರುವವಳು ಅದನ್ನು ಫೈಲಿಗೆ ತರದೆ ಹೋದಳಲ್ಲ ಎಂಬುದೇ ನನ್ನ ಸಂಕಟ.

ನಿಮ್ಮ ಕಾಲೇಜಿನ ಮೇಡಂ ಅವರ ಅನುಮತಿ, ಆಕೆಯ ಒಪ್ಪಿಗೆ ಎರಡನ್ನೂ ಪಡೆದು ಈ ಭಾನುವಾರ ಹೊರಡು. ಆಕೆಯ ಹೆಸರು, ಊರು ಫೈಲಿನಲ್ಲಿ ಬೇಡ. ತೆರಕಣಾಂಬಿ ಮೇಲೆ ಹೋಗುವ ಗುಂಡ್ಲುಪೇಟೆ ಬಸ್ಸು ಹಿಡಿ, ನನ್ನ ಆಕ್ಸಿಮೀಟರ್ ಬೀರುವಿನಲ್ಲಿದೆ, ತೆಗೆದುಕೊಂಡು ಹೋಗು. ಮಾತಾಡಿಸುವ ಮುಂಚೆ, ಆಕೆಗೆ ಗೊತ್ತಾಗದ ಹಾಗೆ, ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ ಬರೆದುಕೋ.

ಇಂತಿ,
ನಿನ್ನ ದೊಡ್ಡಮ್ಮ